ನಸುಕಿನ ಥಂಡಿಗೆ ಟೋಪಿ, ಮಫ್ಲರ್: ದಪ್ಪಕ್ಕಿಂತ ಮೊದಲು ನೇಯ್ಗೆ ನೋಡಿ

ಪ್ರಶ್ನೆ: ತಿಕೋಟಾ ಹತ್ತಿರದ ಹಳ್ಳಿಯಿಂದ ದಿನಾ ನಸುಕಿನ ಐದೂವರೆಗೆ ಗಾಡಿ ಮೇಲೆ ವಿಜಯಪುರದ ಎಪಿಎಂಸಿಗೆ ಹೋಗುತ್ತೇನೆ. ಅಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ದಪ್ಪ ಮಂಕಿ ಕ್ಯಾಪ್ ಹಾಕಿ, ಮೇಲೆ ಹೆಲ್ಮೆಟ್ ಹಾಕಿ, ಮಫ್ಲರ್ ಸುತ್ತಿಕೊಂಡರೂ ಕಿವಿ ನೋವು ತಪ್ಪುತ್ತಿಲ್ಲ. ಹತ್ತು ಗಂಟೆಗೆ ಅದೇ ಮಫ್ಲರ್‌ನಲ್ಲಿ ಬೆವರು. ಅಪ್ಪನಿಗೆ 66 ವರ್ಷ, ಉಬ್ಬಸ ಇದೆ. ಅವರು ನಸುಕಿನಲ್ಲೇ ದ್ರಾಕ್ಷಿ ತೋಟಕ್ಕೆ ನೀರು ಬಿಡಲು ಹೋಗುತ್ತಾರೆ. ಮಂಕಿ ಕ್ಯಾಪ್ ತುರಿಸುತ್ತೆ ಅಂತ ಬರೀ ರುಮಾಲು ಸುತ್ತಿಕೊಳ್ಳುತ್ತಾರೆ. ಇಬ್ಬರಿಗೂ ಏನು ತಗೊಳ್ಳಲಿ? ಉಲ್ಲನ್ ಅಂತ ಕೊಟ್ಟದ್ದು ನಿಜವಾಗಿ ಉಲ್ಲನ್ನೇ ಅಂತ ಹೇಗೆ ತಿಳಿಯುತ್ತೆ?

ಉತ್ತರ: ಮೊದಲು ನಿಮ್ಮ ಕಿವಿ ನೋವಿನಿಂದಲೇ ಶುರು ಮಾಡುತ್ತೇನೆ. ಅದರ ಕಾರಣ ತಿಳಿದರೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ನಮ್ಮ ಕಡೆಯ ಥಂಡಿ ಒಣ ಥಂಡಿ. ಡಿಸೆಂಬರ್, ಜನವರಿಯಲ್ಲಿ ಆಕಾಶದಲ್ಲಿ ಮೋಡ ಇರುವುದಿಲ್ಲ, ಗಾಳಿಯಲ್ಲಿ ತೇವವೂ ಕಡಿಮೆ. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡ ಇದ್ದಿದ್ದರೆ ಅದು ಹೊದಿಕೆಯ ಹಾಗೆ ಆ ಬಿಸಿಯನ್ನು ಸ್ವಲ್ಪವಾದರೂ ತಡೆದಿಡುತ್ತಿತ್ತು. ಹೀಗೆ ತಣಿಯುತ್ತಾ ತಣಿಯುತ್ತಾ, ಸೂರ್ಯ ಹುಟ್ಟುವ ಹೊತ್ತಿಗೆ ಚಳಿ ತುದಿ ಮುಟ್ಟುತ್ತದೆ. ನೀವು ಮನೆ ಬಿಡುವುದು ಅದಕ್ಕೆ ಸ್ವಲ್ಪ ಮೊದಲು. ತಂಪು ಗಾಳಿ ಭಾರ, ಅದು ತಗ್ಗಿಗೆ ಇಳಿದು ನಿಲ್ಲುತ್ತದೆ. ಹಳ್ಳ ದಾಟುವಾಗ ಒಮ್ಮೆಗೇ ಮುಖಕ್ಕೆ ತಣ್ಣೀರು ಎರಚಿದ ಹಾಗೆ ಆಗುತ್ತದಲ್ವಾ, ಅದಕ್ಕೆ ಇದೇ ಕಾರಣ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬಂದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಹವಾಮಾನ ಇಲಾಖೆ ಅದನ್ನು ಶೀತ ಅಲೆ ಅಂತ ಕರೆಯುತ್ತದೆ.

ಈಗ 10 ಡಿಗ್ರಿಯ ಒಂದು ನಸುಕು ಅಂತ ಇಟ್ಟುಕೊಳ್ಳಿ. ಅಂಗಳದಲ್ಲಿ ನಿಂತವನಿಗೆ ಅದು 10 ಡಿಗ್ರಿಯೇ. ನೀವು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಓಡಿಸಿದರೆ ಬರಿ ಚರ್ಮಕ್ಕೆ ಅದು 5 ಅಥವಾ 6 ಡಿಗ್ರಿಯ ಹಾಗೆ ತಾಗುತ್ತದೆ. ಮೈ ತನ್ನ ಸುತ್ತ ತೆಳುವಾದ ಬೆಚ್ಚನೆ ಗಾಳಿಯ ಪದರ ಇಟ್ಟುಕೊಂಡಿರುತ್ತದೆ. ಎದುರು ಗಾಳಿ ಅದನ್ನು ಕ್ಷಣ ಕ್ಷಣವೂ ಒರೆಸಿ ಹಾಕುತ್ತದೆ. ಕಿವಿಯಲ್ಲಿ ಕೊಬ್ಬು ಬಹಳ ಕಡಿಮೆ, ಬರೀ ಮೆತ್ತೆಲುಬು ಮತ್ತು ತೆಳು ಚರ್ಮ. ಅದಕ್ಕೇ ನೋವು ಅಲ್ಲಿಂದಲೇ ಶುರುವಾಗುತ್ತದೆ.

ಮಂಕಿ ಕ್ಯಾಪ್ ಹಾಕಿದರೂ ಯಾಕೆ ತಪ್ಪಲಿಲ್ಲ? ಹೆಣಿಗೆಯ ಬಟ್ಟೆ ಬೆಚ್ಚಗಿಡುವುದು ತನ್ನ ಕುಣಿಕೆಗಳ ನಡುವೆ ನಿಂತ ಗಾಳಿಯಿಂದ. ಆ ಗಾಳಿ ನಿಂತಿದ್ದರೆ ಮಾತ್ರ ಬೆಚ್ಚಗೆ. ದಪ್ಪ ನೂಲಿನಲ್ಲಿ ಸಡಿಲವಾಗಿ ಹೆಣೆದ ಟೋಪಿಯ ಕಣ್ಣುಗಳಲ್ಲಿ ಗಾಳಿ ಹರಿಯತೊಡಗಿದರೆ ಅದು ಜಾಲರಿ ಹಾಕಿಕೊಂಡ ಹಾಗೆಯೇ. ಮನೆಯಲ್ಲೇ ಒಮ್ಮೆ ನೋಡಿ. ಟೋಪಿಯನ್ನು ಬಾಯಿಗೆ ಒತ್ತಿ ಹಿಡಿದು ಊದಿ, ಇನ್ನೊಂದು ಕೈಯನ್ನು ಆಚೆ ಬದಿಗೆ ಇಡಿ. ಉಸಿರು ಸುಲಭವಾಗಿ ಅಂಗೈಗೆ ಬಡಿದರೆ ಆ ಟೋಪಿ ಕೂತಲ್ಲಿ ಬೆಚ್ಚಗಿಡುತ್ತದೆ, ಗಾಡಿ ಮೇಲೆ ಅಷ್ಟಾಗಿ ಅಲ್ಲ. ಅದೇ ಊದುವಿಕೆಯನ್ನು ನಿಮ್ಮ ಅಪ್ಪನ ರುಮಾಲಿನ ಮೂರು ಪದರಕ್ಕೆ ಮಾಡಿ ನೋಡಿ. ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಗಾಳಿಯನ್ನು ಎಷ್ಟು ತಡೆಯುತ್ತದೆ ಅಂತ ನಿಮ್ಮ ಅಂಗೈಗೇ ತಿಳಿಯುತ್ತದೆ.

ಇನ್ನೊಂದು ತೊಂದರೆ ನಿಮ್ಮ ಪ್ರಶ್ನೆಯಲ್ಲೇ ಇದೆ. ದಪ್ಪ ಟೋಪಿಯ ಮೇಲೆ ಹೆಲ್ಮೆಟ್. ಟೋಪಿ ಹೆಲ್ಮೆಟ್ಟನ್ನು ತಲೆಯಿಂದ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಆಗ ಕೆನ್ನೆಯ ಮೆತ್ತೆ ಇರಬೇಕಾದ ಜಾಗದಲ್ಲಿ ಕೂರುವುದಿಲ್ಲ, ಕೆಳಗೆ ಸಂದು ಬೀಳುತ್ತದೆ, ಗಾಳಿ ಆ ಸಂದಿನಿಂದಲೇ ನುಗ್ಗಿ ನೇರ ಕಿವಿಗೆ ಹೊಡೆಯುತ್ತದೆ. ಅಂದರೆ ದಪ್ಪ ಟೋಪಿ ನಿಮಗೆ ಚಳಿಯನ್ನು ಹೆಚ್ಚು ಮಾಡಿರಬಹುದು. ಚಳಿಗಿಂತ ದೊಡ್ಡ ಮಾತು ಇನ್ನೊಂದಿದೆ. ಹಾಗೆ ಎತ್ತಿ ಕೂತ ಹೆಲ್ಮೆಟ್ ಬಿದ್ದಾಗ ತಲೆಯಿಂದ ಜಾರುತ್ತದೆ. ದಯವಿಟ್ಟು ನಾಳೆಯಿಂದಲೇ ಆ ಟೋಪಿಯನ್ನು ಹೆಲ್ಮೆಟ್ ಒಳಗೆ ಹಾಕಬೇಡಿ.

ನಿಮಗೆ ಬೇಕಾದದ್ದು ಹೆಲ್ಮೆಟ್ ಒಳಗೆ ಹಾಕಲೆಂದೇ ಬರುವ ತೆಳು ಟೋಪಿ. ತಲೆ, ಕಿವಿ, ಕುತ್ತಿಗೆ ಮುಚ್ಚಿ ಮುಖದ ಭಾಗ ಮಾತ್ರ ತೆರೆದಿರುವಂಥದ್ದು. ಬನಿಯನ್ ಬಟ್ಟೆಯಷ್ಟೇ ತೆಳು, ಸ್ವಲ್ಪ ಎಳೆದರೆ ಹಿಗ್ಗಬೇಕು. ಹೆಲ್ಮೆಟ್ ಮಾರುವ ಅಂಗಡಿಗಳಲ್ಲೇ ಸಿಗುತ್ತದೆ. ಕೊಳ್ಳುವಾಗ ಹೊಲಿಗೆ ಎಲ್ಲಿ ಬಂದಿದೆ ನೋಡಿ. ನೆತ್ತಿಯ ನಡುವೆ ಅಥವಾ ಕಿವಿಯ ಮೇಲೆ ದಪ್ಪ ಹೊಲಿಗೆ ಇದ್ದರೆ ಹೆಲ್ಮೆಟ್ ಒತ್ತಿ ಅರ್ಧ ಗಂಟೆಯಲ್ಲಿ ನೋಯಲು ಶುರುವಾಗುತ್ತದೆ. ಮನೆಗೆ ತಂದ ಮೇಲೆ ಅದನ್ನು ಹಾಕಿ, ಮೇಲೆ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ತಲೆಯನ್ನು ಆಚೆ ಈಚೆ ಜೋರಾಗಿ ತಿರುಗಿಸಿ. ಹೆಲ್ಮೆಟ್ ಜೊತೆಗೇ ಹಣೆಯ ಚರ್ಮವೂ ಎಳೆದ ಹಾಗೆ ಆಗಬೇಕು. ಹೆಲ್ಮೆಟ್ ತಾನೇ ಬೇರೆಯಾಗಿ ಅಲುಗಿದರೆ ಟೋಪಿ ಇನ್ನೂ ದಪ್ಪ ಅಂತ ಅರ್ಥ, ಇಲ್ಲವೇ ಹೆಲ್ಮೆಟ್ಟೇ ದೊಡ್ಡದು.

ಇಷ್ಟು ತೆಳು ಬಟ್ಟೆ ಹೇಗೆ ಸಾಕಾಗುತ್ತದೆ ಅಂತ ಅನುಮಾನ ಬರಬಹುದು. ಗಾಳಿ ತಡೆಯುವ ಕೆಲಸವನ್ನು ಹೆಲ್ಮೆಟ್ ಚಿಪ್ಪು ಮಾಡುತ್ತದೆ. ಬೆಚ್ಚನೆ ಗಾಳಿಯನ್ನು ಮೈಗೆ ಅಂಟಿಸಿ ಇಟ್ಟುಕೊಳ್ಳುವುದಷ್ಟೇ ಒಳಟೋಪಿಯ ಕೆಲಸ. ಗದ್ದದವರೆಗೂ ಮುಚ್ಚುವ ಹೆಲ್ಮೆಟ್ ಇದ್ದರೆ ಇವೆರಡೇ ಸಾಕು. ನಿಮ್ಮದು ಬರೀ ತಲೆ ಮುಚ್ಚುವ ಅರ್ಧ ಹೆಲ್ಮೆಟ್ ಆಗಿದ್ದರೆ, ಈ ವರ್ಷ ಮಫ್ಲರ್‌ಗೆ ಇಟ್ಟ ದುಡ್ಡನ್ನು ಅದಕ್ಕೆ ಸೇರಿಸಿ ಪೂರ್ತಿ ಮುಚ್ಚುವುದನ್ನೇ ತಗೊಳ್ಳಿ. ಎಷ್ಟು ಒಳ್ಳೆಯ ಮಫ್ಲರ್ ಆದರೂ ಆ ಕೊರತೆಯನ್ನು ತುಂಬುವುದಿಲ್ಲ.

ಇನ್ನು ಮಫ್ಲರ್. ಅದನ್ನು ನೀವು ಜಾಕೆಟ್ ಮೇಲೆ ಸುತ್ತುತ್ತಿದ್ದೀರಿ ಅನ್ನಿಸುತ್ತದೆ, ಬಹಳ ಜನ ಹಾಗೇ ಮಾಡುತ್ತಾರೆ. ಮೇಲೆ ಸುತ್ತಿದರೆ ಮತ್ತೆ ಅದೇ ಜಾಲರಿ ಕಥೆ. ಕುತ್ತಿಗೆಗೆ ಒಂದು ಸುತ್ತು ಹಾಕಿ, ಎರಡೂ ತುದಿಗಳನ್ನು ಎದೆಯ ಮೇಲೆ ಅಡ್ಡಡ್ಡ ಇಳಿಬಿಟ್ಟು, ಅದರ ಮೇಲೆ ಜಾಕೆಟ್ ಜಿಪ್ ಗದ್ದದವರೆಗೂ ಎಳೆಯಿರಿ. ಈಗ ಗಾಳಿ ತಡೆಯುವುದು ಜಾಕೆಟ್, ಬಿಸಿ ಹಿಡಿಯುವುದು ಮಫ್ಲರ್. ಹೀಗೆ ಹಾಕಿದಾಗ ತೆಳು ಮಫ್ಲರೂ ದಪ್ಪದ್ದರಷ್ಟೇ ಕೆಲಸ ಮಾಡುತ್ತದೆ. ಗಾಡಿ ಓಡಿಸುವವರಿಗೆ ನಾಲ್ಕು ಅಡಿಗಿಂತ ಉದ್ದ ಬೇಡ. ಆರು ಅಡಿ ಮಫ್ಲರ್‌ನ ತುದಿ ಹಿಂದೆ ಹಾರಾಡುತ್ತಿದ್ದರೆ ಅದು ಯಾವಾಗ ಚಕ್ರಕ್ಕೆ ಅಥವಾ ಚೈನಿಗೆ ಸಿಕ್ಕೀತು ಹೇಳಲಾಗದು. ಹಿಂದೆ ಕೂತವರ ಸೆರಗು, ದುಪಟ್ಟಾಕ್ಕೂ ಇದೇ ಮಾತು. ಎರಡೂ ಬದಿ ಹೊಲಿದು ಕೊಳವೆಯ ಹಾಗೆ ಮಾಡಿದ ಕುತ್ತಿಗೆಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕೆ ತುದಿಯೇ ಇರುವುದಿಲ್ಲ.

ಹತ್ತು ಗಂಟೆಯ ಬೆವರಿಗೂ ಇದೇ ಉತ್ತರ. ನಮ್ಮಲ್ಲಿ ಬೆಳಿಗ್ಗೆ 10 ಡಿಗ್ರಿ ಇದ್ದದ್ದು ಮಧ್ಯಾಹ್ನ 28, 29 ಡಿಗ್ರಿ ಆಗುತ್ತದೆ. ಒಂದೇ ದಪ್ಪ ವಸ್ತು ಇಟ್ಟುಕೊಂಡರೆ ಹಾಕಿದರೆ ಸೆಕೆ, ತೆಗೆದರೆ ಚಳಿ. ತೆಳುವಾದ ಎರಡು ಇದ್ದರೆ ಎಂಟು ಗಂಟೆಗೆ ಒಂದು ತೆಗೆದು ಜೇಬಿಗೆ ಹಾಕಬಹುದು, ಒಂಬತ್ತಕ್ಕೆ ಇನ್ನೊಂದು. ಕೊಳ್ಳುವಾಗ ಮಡಚಿ ಜಾಕೆಟ್ ಜೇಬಿಗೆ ತುರುಕಿ ನೋಡಿ. ಜೇಬಿಗೆ ಹಿಡಿಯದ ಮಫ್ಲರ್ ನಿಮ್ಮ ಕೆಲಸಕ್ಕಲ್ಲ. ಒಳಟೋಪಿ ಮಾತ್ರ ಎರಡು ಇಟ್ಟುಕೊಳ್ಳಿ. ಒಂದು ತೊಳೆದು ಒಣಗುತ್ತಿರಲಿ. ಬೆವರಿನ ಉಪ್ಪು ಕೂತ ಟೋಪಿಯನ್ನೇ ಮರುದಿನ ಹಾಕಿದರೆ ತಲೆ ತುರಿಕೆ ಶುರುವಾಗುತ್ತದೆ.

ಈಗ ನಿಮ್ಮ ಅಪ್ಪನ ವಿಷಯ. ಇಲ್ಲಿ ನನಗೆ ಸ್ವಲ್ಪ ಹೆಚ್ಚು ಹೇಳಬೇಕು ಅನ್ನಿಸುತ್ತದೆ.

ಅವರು ರುಮಾಲು ಬಿಡುವುದಿಲ್ಲ ಅನ್ನುವುದು ತಪ್ಪಲ್ಲ, ಅದನ್ನು ಬಿಡಿಸಲು ಹೋಗಬೇಡಿ. ಹಲವು ಸುತ್ತಿನ ಹತ್ತಿ ರುಮಾಲು ಪದರದ ಮೇಲೆ ಪದರ. ಹೊರಗಿನದು ಗಾಳಿ ತಡೆಯುತ್ತದೆ, ಒಳಗಿನ ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ಅದರಲ್ಲಿ ಎರಡೇ ಕೊರತೆ. ಸಾಮಾನ್ಯವಾಗಿ ಸುತ್ತುವ ರೀತಿಯಲ್ಲಿ ಕಿವಿಯ ಕೆಳಭಾಗ ಬಯಲಿಗೇ ಇರುತ್ತದೆ. ಕುತ್ತಿಗೆ, ಮೂಗು, ಬಾಯಿಗೆ ಅದರಿಂದ ಏನೂ ಸಿಗುವುದಿಲ್ಲ. ಉಬ್ಬಸದವರಿಗೆ ಆ ಮೂಗು, ಬಾಯಿಯೇ ಮುಖ್ಯ. ಒಣ ತಂಪು ಗಾಳಿ ನೇರ ಒಳಗೆ ಹೋದರೆ ಅವರ ಉಸಿರುನಾಳ ಬಿಗಿಯುತ್ತದೆ. ನಸುಕಿನಲ್ಲಿ ಬೇಗ ಬೇಗ ನಡೆಯುವಾಗ, ವಾಲ್ವ್ ತಿರುಗಿಸುವಾಗ ಬಾಯಿಂದ ಉಸಿರಾಡುತ್ತಾರೆ, ಆಗ ಇನ್ನೂ ಜಾಸ್ತಿ. ಮೂಗು, ಬಾಯಿಯ ಮುಂದೆ ಒಂದು ಬಟ್ಟೆ ಇದ್ದರೆ, ಹೊರಬಿಟ್ಟ ಉಸಿರಿನ ಬಿಸಿ ಮತ್ತು ತೇವ ಅದರಲ್ಲಿ ನಿಲ್ಲುತ್ತದೆ. ಮುಂದಿನ ಉಸಿರು ಅದನ್ನೇ ಹೊತ್ತು ಒಳಗೆ ಹೋಗುತ್ತದೆ.

ಹಾಗಾಗಿ ಅವರಿಗೆ ನಾನು ಹೇಳುವ ಜೋಡಿ ಹೀಗಿದೆ. ಒಳಗೆ ಕಿವಿ ಮುಚ್ಚುವ ಮೆತ್ತನೆ ಹತ್ತಿ ಹೆಣಿಗೆಯ ಟೋಪಿ, ಅದರ ಮೇಲೆ ಅವರದೇ ರುಮಾಲು. ಕುತ್ತಿಗೆಗೆ ಒಂದು ಅಗಲವಾದ ಹತ್ತಿ ಬಟ್ಟೆ. ಅದನ್ನು ಒಂದು ಸುತ್ತು ಹಾಕಿ, ಮುಂದಿನ ಮಡಿಕೆಯನ್ನು ಮೂಗಿನ ಮೇಲಕ್ಕೆ ಎಳೆದುಕೊಳ್ಳುವಂತೆ ಇರಲಿ. ಮನೆಯಲ್ಲಿರುವ ಮೆತ್ತಗಾದ ಹಳೆಯ ವಲ್ಲಿಯೇ ಸಾಕು. ಮೂಗಿನ ಮೇಲೆ ಒಂದು ಅಥವಾ ಎರಡೇ ಪದರ ಬರಲಿ. ದಪ್ಪ ಮಾಡಿದರೆ ಉಸಿರು ಕಟ್ಟಿದ ಹಾಗೆ ಆಗಿ ಅವರು ಕೆಳಗೆ ಜಗ್ಗಿಬಿಡುತ್ತಾರೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಜಾಗ ಉಸಿರಿನಿಂದ ತೇವ ಆಗುತ್ತಾ ಹೋಗುತ್ತದೆ. ಒದ್ದೆ ಹತ್ತಿ ಬೇಗ ತಣ್ಣಗಾಗುತ್ತದೆ. ಆಗ ಬಟ್ಟೆಯನ್ನು ಸ್ವಲ್ಪ ಸರಿಸಿ ಒಣ ಭಾಗವನ್ನು ಮೂಗಿಗೆ ತರಬೇಕು. ವಲ್ಲಿ ಉದ್ದ ಇರಬೇಕು ಅನ್ನುವುದು ಇದಕ್ಕೇ. ಮಡಿಕೆ ಬದಲಿಸಲು ಜಾಗ ಇರುತ್ತದೆ. ತುದಿಗಳನ್ನು ಮಾತ್ರ ಅಂಗಿಯೊಳಗೆ ಸಿಕ್ಕಿಸಲಿ. ಮೇವು ಕತ್ತರಿಸುವ ಯಂತ್ರದ ಹತ್ತಿರ, ಬೆಲ್ಟ್ ಇರುವ ಮೋಟರ್ ಹತ್ತಿರ ಇಳಿಬಿದ್ದ ಬಟ್ಟೆ ಬಲು ಅಪಾಯ. ಬಟ್ಟೆ ಉಸಿರಿಗೆ ನೆರವು ಮಾತ್ರ. ಡಾಕ್ಟರ್ ಕೊಟ್ಟ ಇನ್‌ಹೇಲರ್ ಅವರ ಜೇಬಿನಲ್ಲೇ ಇರಲಿ. ಒಂದು ವಾಕ್ಯ ಪೂರ್ತಿ ಮಾಡಲು ಆಗದಷ್ಟು ಏದುಸಿರು ಬಂದರೆ ತೋಟದಲ್ಲಿ ಕಾಯುತ್ತ ಕೂರದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಂಕಿ ಕ್ಯಾಪ್ ತುರಿಸುವುದು ಅವರ ಮನಸ್ಸಿನ ಭಾವನೆ ಅಲ್ಲ. ಚರ್ಮಕ್ಕೆ ಚುಚ್ಚುವುದು ನೂಲಿನಿಂದ ಹೊರಗೆ ಚಾಚಿದ ಕೂದಲಿನ ತುದಿಗಳು. ಎಳೆ ತೆಳುವಾಗಿದ್ದರೆ ಚರ್ಮಕ್ಕೆ ತಾಗಿ ಬಾಗುತ್ತದೆ. ಸುಮಾರು 30 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗಕ್ಕಿಂತ ದಪ್ಪವಾಗಿದ್ದರೆ ಬಾಗದೆ ಚುಚ್ಚುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು ಉಣ್ಣೆ. ಕಂಬಳಿಗೆ ಅದು ಬಹಳ ಚೆನ್ನ, ಹೊದ್ದು ಹೊಲದಲ್ಲಿ ಮಲಗಲು ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಆದರೆ ಕತ್ತಿನ ಚರ್ಮಕ್ಕೆ ನೇರ ತಾಗಿದರೆ ಸಹಿಸಲಾಗದು. ಪೇಟೆಯ ಅಗ್ಗದ ಟೋಪಿಯ ಅಕ್ರಿಲಿಕ್ ಅನ್ನುವ ಕೃತಕ ನೂಲೂ ಕೆಲವರಿಗೆ ಹಾಗೇ ತುರಿಸುತ್ತದೆ. ನಮ್ಮ ಒಣ ಹವೆಯಲ್ಲಿ ಅದು ತಲೆಯಿಂದ ತೆಗೆಯುವಾಗ ಚಟಪಟ ಅಂತ ಕಿಡಿಯನ್ನೂ ಹಾರಿಸುತ್ತದೆ. ಅಂಗಡಿಯಲ್ಲಿ ಬೆರಳಿನಿಂದ ಮುಟ್ಟಿ ನೋಡಬೇಡಿ, ಬೆರಳು ಮೊಂಡು. ಕತ್ತಿನ ಪಕ್ಕಕ್ಕೆ ಅಥವಾ ಮೊಣಕೈಯ ಒಳಮಡಿಕೆಗೆ ಒತ್ತಿ, ಒಂದು ನಿಮಿಷ ಇಟ್ಟುಕೊಳ್ಳಿ. ಅಲ್ಲಿ ಚುಚ್ಚದಿದ್ದರೆ ಅಪ್ಪನಿಗೂ ಚುಚ್ಚುವುದಿಲ್ಲ.

ಅಳತೆಯನ್ನೂ ಅಂದಾಜಿನ ಮೇಲೆ ಬಿಡಬೇಡಿ. ಹುಬ್ಬಿನ ಮೇಲೆ, ಕಿವಿಯ ಮೇಲಿನಿಂದ ದಾರ ಸುತ್ತಿ ತಲೆಯ ಸುತ್ತಳತೆ ತೆಗೆಯಿರಿ. ದೊಡ್ಡವರಲ್ಲಿ ಅದು ಹೆಚ್ಚಾಗಿ 54ರಿಂದ 58 ಸೆಂಟಿಮೀಟರ್ ಇರುತ್ತದೆ. ಹೆಣಿಗೆಯ ಟೋಪಿ ಎಳೆಯದೆ ಇದ್ದಾಗ ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕಡಿಮೆ ಇದ್ದರೆ ಸರಿಯಾಗಿ ಕೂರುತ್ತದೆ. ಅದಕ್ಕಿಂತ ಬಿಗಿ ಇದ್ದರೆ ಹಣೆಯಲ್ಲಿ ಕೆಂಪು ಗೆರೆ ಬೀಳುತ್ತದೆ, ತಲೆನೋವು ಬರುತ್ತದೆ. ಸಡಿಲ ಇದ್ದರೆ ಕಿವಿಯಿಂದ ಮೇಲೆ ಸರಿಯುತ್ತದೆ. ಕಿವಿ ಪೂರ್ತಿ ಮುಚ್ಚಿದ ಮೇಲೆ ಹಿಂದಿನಿಂದ ಒಮ್ಮೆ ಸಾಮಾನ್ಯ ದನಿಯಲ್ಲಿ ಕರೆದು ನೋಡಿ. ಕೇಳಿಸಲಿಲ್ಲ ಅಂದರೆ ರಸ್ತೆ ದಾಟುವಾಗ ಗಾಡಿಯ ಸದ್ದೂ ಕೇಳಿಸುವುದಿಲ್ಲ. ಆ ಟೋಪಿ ಬದಲಿಸಿ.

ಇನ್ನು ನಿಜವಾದ ಉಲ್ಲನ್ ಪತ್ತೆ ಹಚ್ಚುವುದು. ನಾನು ಇಪ್ಪತ್ತೈದು ವರ್ಷ ನೂಲು, ಬಟ್ಟೆಯ ಪಾಠ ಮಾಡಿದವಳು. ಆದರೂ ಒಂದು ವರ್ಷ ಚಳಿಗಾಲದ ಮಾರಾಟದಲ್ಲಿ ಶುದ್ಧ ಉಣ್ಣೆ ಅಂತ ಚೀಟಿ ಅಂಟಿಸಿದ ಮಫ್ಲರನ್ನು ದುಬಾರಿ ಬೆಲೆಗೆ ಕೊಂಡು ತಂದೆ. ಬೆಳಕು ಕಡಿಮೆ ಇತ್ತು, ಜನ ಜಾಸ್ತಿ ಇದ್ದರು. ಮನೆಗೆ ಬಂದು ಅಂಚಿನ ಕುಚ್ಚಿನಿಂದ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ದೀಪಕ್ಕೆ ಹಿಡಿದೆ. ಅದು ಸುರುಟಿ, ಕರಗಿ, ತುದಿಯಲ್ಲಿ ಕರಿ ಮಣಿಯ ಹಾಗೆ ಗಟ್ಟಿಯಾಯಿತು. ಉಗುರಿನಿಂದ ಒತ್ತಿದರೂ ಪುಡಿಯಾಗಲಿಲ್ಲ. ಅಲ್ಲಿಗೆ ಗೊತ್ತಾಯಿತು, ಅದು ಅಕ್ರಿಲಿಕ್. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿ ದೂರ ಮಾಡಿದರೆ ತಾನೇ ಆರುತ್ತದೆ, ಉಳಿದ ಬೂದಿ ಬೆರಳಿಗೆ ಪುಡಿಯಾಗುತ್ತದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ, ಬೂದಿ ಹಗುರ. ಉಣ್ಣೆ, ಅಕ್ರಿಲಿಕ್ ಎರಡೂ ಬೆರೆತಿದ್ದರೆ ಕೂದಲ ವಾಸನೆಯೂ ಬರುತ್ತದೆ, ಮಣಿಯೂ ಉಳಿಯುತ್ತದೆ. ಈ ಪರೀಕ್ಷೆಯನ್ನು ಮನೆಯಲ್ಲಿ, ಬರೀ ಒಂದು ಎಳೆಗೆ, ನೀರು ತುಂಬಿದ ತಟ್ಟೆಯ ಮೇಲೆ ಮಾಡಿ. ಅಂಗಡಿಯವರು ಒಂದು ಎಳೆ ಕೊಡಲು ಒಪ್ಪಿದರೆ ಕೊಳ್ಳುವ ಮೊದಲೇ ಮಾಡಬಹುದು.

ಅಕ್ರಿಲಿಕ್ ಅಂದ ಮಾತ್ರಕ್ಕೆ ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಾಗಲಿ, ಚಳಿಗಾಲದಲ್ಲಿ ರಸ್ತೆ ಬದಿ ಸ್ವೆಟರ್ ಹಾಕುವವರ ಹತ್ತಿರವಾಗಲಿ, ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಅದೇ. ಹಗುರ ಇರುತ್ತದೆ, ತೊಳೆಯುವುದು ಸುಲಭ, ನುಸಿ ತಿನ್ನುವುದಿಲ್ಲ. ನಿಮ್ಮ ಜಾಕೆಟ್ ಒಳಗಿನ ಮಫ್ಲರ್‌ಗೆ ಅದು ಸಾಕು. ಉಣ್ಣೆಯ ಬೆಲೆ ಕೊಟ್ಟು ಅಕ್ರಿಲಿಕ್ ತರಬಾರದು ಅಷ್ಟೇ. ಉಣ್ಣೆಯ ಹೆಚ್ಚುಗಾರಿಕೆ ಇರುವುದು ತೇವದ ವಿಷಯದಲ್ಲಿ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೊತ್ತುಗಟ್ಟಲೆ ಮಂಜಿನಲ್ಲಿ ನಿಲ್ಲುವವರಿಗೆ ಆ ಗುಣಕ್ಕೆ ದುಡ್ಡು ಕೊಡಬಹುದು. ನಿಮ್ಮ ದಿನದ ದಾರಿಗೆ ಬೇಕಿಲ್ಲ.

ಒಂದು ಕಡೆ ಮಾತ್ರ ಅಕ್ರಿಲಿಕ್ ಖಂಡಿತ ಬೇಡ. ನಸುಕಿನಲ್ಲಿ ಬೆಂಕಿ ಕಾಯಿಸುತ್ತ ಕೂರುವವರ ತಲೆಯ ಮೇಲೆ. ತೋಟದಲ್ಲಿ ನಾಲ್ಕು ಕಟ್ಟಿಗೆ ಹಾಕಿ ಬೆಂಕಿ ಮಾಡಿಕೊಳ್ಳುವುದು ನಮ್ಮಲ್ಲಿ ಇದ್ದದ್ದೇ, ನಿಮ್ಮ ಅಪ್ಪನೂ ಕೂರುತ್ತಿರಬಹುದು. ಹತ್ತಿಗೆ ಕಿಡಿ ಬಿದ್ದರೆ ಉರಿಯುತ್ತದೆ, ಆದರೆ ಬಟ್ಟೆಯನ್ನು ಕಿತ್ತೆಸೆಯಬಹುದು. ಅಕ್ರಿಲಿಕ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮೇಲಾಗಿ ಉಬ್ಬಸದವರಿಗೆ ಆ ಹೊಗೆಯೇ ಚಳಿಗಿಂತ ಕೆಟ್ಟದ್ದು. ಕಿವಿ, ಕುತ್ತಿಗೆ, ಮೂಗು ಬೆಚ್ಚಗಿದ್ದರೆ ಬೆಂಕಿಯ ಹತ್ತಿರ ಕೂರಬೇಕು ಅನ್ನಿಸುವುದೂ ಕಡಿಮೆಯಾಗುತ್ತದೆ.

ಚಳಿ ಮುಗಿದ ಮೇಲೆ ಎತ್ತಿಡುವಾಗಲೂ ಅಪ್ಪನ ನೆನಪಿರಲಿ. ಪೆಟ್ಟಿಗೆಯಲ್ಲಿ ನುಸಿ ಗುಳಿಗೆ ಹಾಕಿ ಇಟ್ಟ ಮಫ್ಲರನ್ನು ಮುಂದಿನ ಡಿಸೆಂಬರ್‌ನಲ್ಲಿ ಹಾಗೇ ತೆಗೆದು ಮೂಗಿಗೆ ಸುತ್ತಿದರೆ ಆ ಘಾಟಿಗೇ ಕೆಮ್ಮು ಏಳಬಹುದು. ಅವರ ಟೋಪಿ, ವಲ್ಲಿಯನ್ನು ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಬೇರೆಯಾಗಿ ಇಡಿ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊರಗೆ ತೆಗೆದಾಗ ಇನ್ನೊಮ್ಮೆ ತೊಳೆದು ಬಿಸಿಲಿಗೆ ಹಾಕಿ. ವರ್ಷಪೂರ್ತಿ ಕೂತ ಧೂಳೂ ಅವರ ಉಸಿರಿಗೆ ತೊಂದರೆಯೇ. ಉಣ್ಣೆಯದಾದರೆ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಿ. ತೂಗುಹಾಕಿದರೆ ಎಳೆದುಕೊಂಡು ಆಕಾರ ಕೆಡುತ್ತದೆ.

ನಿಮ್ಮ ಈಗಿನ ದಪ್ಪ ಮಂಕಿ ಕ್ಯಾಪನ್ನು ಎಸೆಯಬೇಡಿ. ರಾತ್ರಿ ಅಂಗಳದಲ್ಲಿ ಕೂರುವಾಗ, ಬಸ್ಸಿಗೆ ಕಾಯುವಾಗ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಾಳೆ ಪೇಟೆಗೆ ಹೋದಾಗ ನೀವು ತರಬೇಕಾದದ್ದು ಎರಡು ತೆಳು ಒಳಟೋಪಿ ಮತ್ತು ಅಪ್ಪನಿಗೆ ಒಂದು ಕಿವಿ ಮುಚ್ಚುವ ಹತ್ತಿ ಟೋಪಿ. ಅಪ್ಪನ ತಲೆಯ ಅಳತೆಯ ದಾರವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.